ಮೇಲಿಂದ ಕಂಡ ಪ್ಲಾಟು: ಡ್ರೋನ್ ನೋಟದ ಚಿತ್ರಕ್ಕೆ ಪ್ರಾಂಪ್ಟ್ ಬರೆಯುವುದು ಹೇಗೆ?

"ಇದು ನಮ್ಮ ಓಣಿ ಅಲ್ರಿ. ನಮ್ಮಲ್ಲಿ ಇಷ್ಟು ಹುಲ್ಲು ಎಲ್ಲಿ ಅದ?"

ಫೋನನ್ನು ಕಣ್ಣಿನ ಹತ್ತಿರ ಹಿಡಿದು ಕಾಕಾ ಹೇಳಿದ ಮಾತು ಇದು. ನಾನು ಕಲಬುರಗಿಯಲ್ಲಿ ಮನೆ ನಕ್ಷೆ ಹಾಕುವವನು. ಬ್ರಹ್ಮಪುರದ ಕಡೆ ಒಂದು ಹಳೇ ಓಣಿಯಲ್ಲಿ ಈ ಕಾಕಾನದ್ದು 30 ಅಡಿಗೆ 40 ಅಡಿಯ ಖಾಲಿ ಪ್ಲಾಟು. ಮಗ ಪುಣೆಯಲ್ಲಿದ್ದಾನೆ. ಮನೆ ಹೇಗಿರುತ್ತದೆ ಅನ್ನೋದಕ್ಕಿಂತ ಮೊದಲು, ಅಕ್ಕಪಕ್ಕದ ಮನೆಗಳ ನಡುವೆ ಜಾಗ ಹೇಗೆ ಕೂತಿದೆ ಅನ್ನೋದನ್ನು ಮೇಲಿಂದ ನೋಡಬೇಕು ಅಂತ ಅವನ ಆಸೆ. ಚಿತ್ರ ಬಿಡಿಸುವ ಎಐ ಟೂಲ್ ನನ್ನ ಫೋನಿನಲ್ಲೇ ಇತ್ತು. "ಖಾಲಿ ಪ್ಲಾಟು, ಸುತ್ತ ಓಣಿ, ಮನೆಗಳು, ಡ್ರೋನ್ ನೋಟ" ಎಂದು ಬರೆದು ಒತ್ತಿದೆ. ಟೂಲಿಗೆ ಹೀಗೆ ಬರೆದು ಕೊಡುವ ಮಾತೇ ಪ್ರಾಂಪ್ಟ್.

ಬಂದ ಚಿತ್ರ ಚೆಂದವೇ ಇತ್ತು. ಕೆಂಪು ಹಂಚಿನ ಇಳಿಜಾರು ಛಾವಣಿಗಳು, ಪ್ರತಿ ಮನೆಯ ಮುಂದೆ ಹುಲ್ಲುಹಾಸು, ನಡುವೆ ಬಿಳಿ ಗೆರೆ ಎಳೆದ ಅಗಲವಾದ ಡಾಂಬರು ರಸ್ತೆ. ಮೂಲೆಯಲ್ಲಿ ನಾಲ್ಕು ರೆಕ್ಕೆಯ ಡ್ರೋನೊಂದು ಹಾರುತ್ತಿತ್ತು ಬೇರೆ! ನಾನು ಕೇಳಿದ್ದು ಡ್ರೋನ್ ತೆಗೆದ ಫೋಟೊ, ಅದು ಕೊಟ್ಟದ್ದು ಡ್ರೋನ್ ಇರುವ ಫೋಟೊ.

ತಪ್ಪು ಟೂಲಿನದ್ದು ಅಂತ ಅನಿಸುತ್ತದೆ, ಆದರೆ ಅರ್ಧ ತಪ್ಪು ನನ್ನದೇ. ಇಂಥ ಟೂಲ್ ಕಲಿತದ್ದು ಅಪಾರ ಸಂಖ್ಯೆಯ ಫೋಟೊಗಳಿಂದ ಮತ್ತು ಅವುಗಳ ಜೊತೆ ಬರೆದಿದ್ದ ಮಾತುಗಳಿಂದ. ಮೇಲಿಂದ ತೆಗೆದ ಮನೆಗಳ ಫೋಟೊ ಅಂದರೆ ಅದು ಹೆಚ್ಚಾಗಿ ನೋಡಿರುವುದು ಹೊರದೇಶದ ಬಡಾವಣೆಗಳನ್ನು. ನಾವು ಹೇಳದೆ ಬಿಟ್ಟ ಜಾಗವನ್ನೆಲ್ಲ ಅದು ತನಗೆ ಜಾಸ್ತಿ ರೂಢಿ ಇರುವುದರಿಂದ ತುಂಬುತ್ತದೆ. ನಾನು ಛಾವಣಿ ಹೇಗಿದೆ ಅಂತ ಹೇಳಲಿಲ್ಲ, ಅದು ಹಂಚು ಹೊದಿಸಿತು. ನೆಲ ಹೇಗಿದೆ ಅಂತ ಹೇಳಲಿಲ್ಲ, ಹುಲ್ಲು ಬೆಳೆಸಿತು. ಹಾಗಾಗಿ ಎಲ್ಲವನ್ನೂ ಬರೆಯಬೇಕಿಲ್ಲ, ನಮ್ಮ ಊರು ಆ ರೂಢಿಯಿಂದ ಎಲ್ಲೆಲ್ಲಿ ಬೇರೆಯಾಗುತ್ತದೋ ಅಲ್ಲಿ ಮಾತ್ರ ಖಾಲಿ ಬಿಡಬಾರದು.

ಮೊದಲು ತೀರ್ಮಾನ ಮಾಡಬೇಕಾದದ್ದು ಕ್ಯಾಮೆರಾ ಎಲ್ಲಿ ನಿಂತಿದೆ ಅನ್ನೋದು. ಪ್ಲಾಟಿನ ಬಗ್ಗೆ ಬರೆಯೋದು ಅದಾದ ಮೇಲೆ. ಡ್ರೋನ್ ನೋಟ ಅನ್ನುವ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ಚಿತ್ರಗಳು ಅಡಗಿವೆ. ಒಂದು, ನೆತ್ತಿಯ ಮೇಲಿಂದ ನೇರ ಕೆಳಗೆ ನೋಡುವುದು, ಟೂಲಿಗೆ ಬರೆಯುವಾಗ `top-down view`. ಇನ್ನೊಂದು, ಓರೆಯಾಗಿ ಬಾಗಿ ನೋಡುವುದು, `oblique aerial view`. ನೇರ ನೋಟ ನಕ್ಷೆಯ ಹಾಗೆ. ಪ್ಲಾಟಿನ ಆಕಾರ, ಓಣಿ ಎಲ್ಲಿ ತಿರುಗುತ್ತದೆ ಅನ್ನೋದು ಸ್ಪಷ್ಟ ಕಾಣುತ್ತದೆ. ಆದರೆ ಎರಡು ಅಂತಸ್ತಿನ ಮನೆಯೂ ಒಂದು ಅಂತಸ್ತಿನ ಮನೆಯೂ ಅಲ್ಲಿ ಬರೀ ಚೌಕಗಳು. ಎತ್ತರ ಗೊತ್ತಾಗುವುದು ನೆರಳಿನಿಂದ ಮಾತ್ರ. ಓರೆ ನೋಟದಲ್ಲಿ ಗೋಡೆಯೂ ಸ್ವಲ್ಪ ಕಾಣುತ್ತದೆ, ಮಾಳಿಗೆಯೂ, ಅಂದರೆ ಛಾವಣಿಯೂ, ಕಾಣುತ್ತದೆ. ನಕ್ಷೆ ಓದಿ ರೂಢಿ ಇಲ್ಲದವರು ತಮ್ಮ ಓಣಿಯನ್ನು ಗುರುತು ಹಿಡಿಯುವುದು ಇದರಲ್ಲೇ. ಕಾಕಾನ ಮನೆಯವರಿಗೆ ನಾನು ಆರಿಸಿದ್ದು ಓರೆ ನೋಟ, 45 ಡಿಗ್ರಿ ಕೆಳಗೆ ಬಾಗಿದ್ದು.

ಓರೆ ಅಂದ ಮೇಲೆ ಯಾವ ಕಡೆಯಿಂದ ಅನ್ನುವ ಪ್ರಶ್ನೆ ಬರುತ್ತದೆ. ಹತ್ತಿರದಲ್ಲಿ ಎತ್ತರದ ಮನೆ ಇದ್ದರೆ ಅದು ಹಿಂದಿನ ಖಾಲಿ ಪ್ಲಾಟನ್ನು ಮುಚ್ಚಿಬಿಡುತ್ತದೆ. ಆದ್ದರಿಂದ ರಸ್ತೆ ಇರುವ ಕಡೆಯಿಂದ ನೋಡುವುದು ಕ್ಷೇಮ. ಈ ಪ್ಲಾಟು ಪೂರ್ವಕ್ಕೆ ಮುಖ ಮಾಡಿದೆ, 30 ಅಡಿ ಓಣಿಗೆ, 40 ಅಡಿ ಹಿಂದಕ್ಕೆ. ಹಾಗಾದರೆ ಕ್ಯಾಮೆರಾ ಓಣಿಯ ಆಚೆ ಪೂರ್ವದಲ್ಲಿ ನಿಂತು ಪಶ್ಚಿಮಕ್ಕೆ ನೋಡಬೇಕು.

ಇಲ್ಲೇ ಬಹಳ ಜನ ಎಡವುತ್ತಾರೆ. ನಾನೂ ಎಡವಿದೆ. ನಮ್ಮ ತಲೆಯಲ್ಲಿ ನಕ್ಷೆ ಇರುತ್ತದೆ, ಉತ್ತರ ಯಾವಾಗಲೂ ಮೇಲೆ. "ಉತ್ತರಕ್ಕೆ ಎರಡಂತಸ್ತಿನ ಮನೆ, ದಕ್ಷಿಣಕ್ಕೆ ಸಣ್ಣ ಗಲ್ಲಿ" ಎಂದು ಬರೆದೆ. ಟೂಲಿಗೆ ಉತ್ತರ ಯಾವುದು ಅಂತ ಏನು ಗೊತ್ತು? ಅದಕ್ಕೆ ಗೊತ್ತಿರುವುದು ಚಿತ್ರದ ಎಡ, ಬಲ, ಮೇಲೆ, ಕೆಳಗೆ ಮಾತ್ರ, ಅದೂ ಅಷ್ಟಕ್ಕಷ್ಟೇ. ಒಂದು ಸಲ ದೊಡ್ಡ ಮನೆ ಎಡಕ್ಕೆ ಬಂತು, ಇನ್ನೊಂದು ಸಲ ಹಿಂದಕ್ಕೆ ಹೋಯಿತು. ದಿಕ್ಕುಗಳನ್ನು ನಾವೇ ಚೌಕಟ್ಟಿಗೆ ಇಳಿಸಿ ಕೊಡಬೇಕು. ಪಶ್ಚಿಮಕ್ಕೆ ಮುಖ ಮಾಡಿ ನಿಂತವನಿಗೆ ಉತ್ತರ ಬಲಗೈ ಕಡೆ, ದಕ್ಷಿಣ ಎಡಗೈ ಕಡೆ. ಓಣಿ ಚಿತ್ರದ ಕೆಳಭಾಗದಲ್ಲಿ ಅಡ್ಡಕ್ಕೆ ಹಾಯುತ್ತದೆ. ಹಿಂದಿನ ಮನೆ ಮೇಲ್ಭಾಗದಲ್ಲಿ ಬರುತ್ತದೆ. ಒಂದು ಕಾಗದದ ಮೇಲೆ ಚೌಕ ಎಳೆದು, ಕಾಗದವನ್ನು ತಿರುಗಿಸಿ ನೋಡಿ ಬರೆದುಕೊಂಡರೆ ಗೊಂದಲ ಇರುವುದಿಲ್ಲ. ಯಾವುದು ಯಾವ ಕಡೆ ಅಂತ ಹೇಳಲು ಪ್ರಾಂಪ್ಟಿನಲ್ಲಿ ಉತ್ತರ ದಕ್ಷಿಣ ಅನ್ನುವ ಮಾತೇ ಇರಬಾರದು.

ಇನ್ನು ಎಷ್ಟು ದೂರದಿಂದ ನೋಡಬೇಕು? ಸಾಮಾನ್ಯ ಡ್ರೋನ್ ಕ್ಯಾಮೆರಾದ ಅಗಲ ಲೆನ್ಸಿನಲ್ಲಿ, ಎಷ್ಟು ದೂರ ಇದ್ದೀವೋ ಅದರ ಸುಮಾರು ಒಂದೂವರೆ ಪಟ್ಟು ಅಗಲದ ಜಾಗ ಕಾಣುತ್ತದೆ. ಪ್ಲಾಟಿನಿಂದ 100 ಅಡಿ ದೂರದಲ್ಲಿದ್ದರೆ 150 ಅಡಿ ಅಗಲ ಚಿತ್ರದಲ್ಲಿ ಹಿಡಿಯುತ್ತದೆ. ಅದರಲ್ಲಿ 30 ಅಡಿಯ ಪ್ಲಾಟು ಐದನೇ ಒಂದು ಭಾಗ. ಎರಡೂ ಬದಿಗೆ ಎರಡೆರಡು ಮನೆಗಳಿಗೆ ಜಾಗ ಸಿಗುತ್ತದೆ. ನನಗೆ ಬೇಕಾದದ್ದು ಅಷ್ಟೇ. ಆದರೆ ಈ ಲೆಕ್ಕ ನಮ್ಮ ಸಲುವಾಗಿ. "100 ಅಡಿ" ಎಂದು ಬರೆದರೆ ಟೂಲ್ ಟೇಪು ಹಿಡಿದು ಅಳೆಯುವುದಿಲ್ಲ. "30 ಅಡಿಗೆ 40 ಅಡಿ" ಅಂದರೂ ಅಷ್ಟೇ, ಒಮ್ಮೆ ಕಬಡ್ಡಿ ಅಂಕಣದಷ್ಟು ಬರುತ್ತದೆ, ಒಮ್ಮೆ ಕ್ರಿಕೆಟ್ ಮೈದಾನದಷ್ಟು. ಸಂಖ್ಯೆಗಿಂತ ಹೋಲಿಕೆ ಅದಕ್ಕೆ ಚೆನ್ನಾಗಿ ತಿಳಿಯುತ್ತದೆ. ಪ್ಲಾಟು ಚಿತ್ರದ ಅಗಲದಲ್ಲಿ ಐದನೇ ಒಂದು ಭಾಗ ಅಂತ ಬರೆಯಬಹುದು. ಇನ್ನೂ ಒಳ್ಳೆಯದು, ಅಳತೆಗೋಲನ್ನು ಚಿತ್ರದೊಳಗೇ ಇಡುವುದು. ಓಣಿಯಲ್ಲಿ ಒಂದು ಸಣ್ಣ ಕಾರು, ಗೋಡೆಗೆ ಒರಗಿದ ಒಂದು ಬೈಕು. ಸಣ್ಣ ಕಾರು ಸುಮಾರು 12-13 ಅಡಿ ಉದ್ದ. ಅಂಥ ಮೂರು ಕಾರು ಸಾಲಾಗಿ ನಿಂತರೆ ಪ್ಲಾಟಿನ 40 ಅಡಿ ಬದಿ ಹತ್ತಿರ ಹತ್ತಿರ ತುಂಬುತ್ತದೆ. ಆ ಮಾತನ್ನೇ ಬರೆದರೆ ಪ್ಲಾಟು ತಾನಾಗಿ ಕುಗ್ಗಿ ತನ್ನ ಅಳತೆಗೆ ಬರುತ್ತದೆ.

ಆಕಾಶದ ಕಾಟ ಇನ್ನೊಂದು. ಓರೆ ನೋಟ ಅಂದರೆ ಸಾಕು, ದೂರದಲ್ಲಿ ಬೆಟ್ಟ, ಮೋಡ, ಸೂರ್ಯಾಸ್ತ ಎಲ್ಲ ತಂದು ನಿಲ್ಲಿಸುತ್ತದೆ. "ಆಕಾಶ ಬೇಡ" ಎಂದು ಬರೆದರೆ ಕೆಲವು ಟೂಲ್‌ಗಳು ಆಕಾಶ ಅನ್ನುವ ಪದವನ್ನೇ ಹಿಡಿದುಕೊಂಡು ಇನ್ನಷ್ಟು ಆಕಾಶ ಕೊಡುತ್ತವೆ. ಬೇಡದ್ದನ್ನು ಬರೆಯಲು ಬೇರೆ ಜಾಗ ಇರುವ ಟೂಲ್‌ಗಳೂ ಇವೆ. ಮಿಡ್‌ಜರ್ನಿ ಅನ್ನುವ ಟೂಲಿನಲ್ಲಿ ಪ್ರಾಂಪ್ಟಿನ ಕೊನೆಗೆ `--no sky` ಎಂದು ಸೇರಿಸಬಹುದು. ಅದಿಲ್ಲದ ಕಡೆ, ಬೇಡದ್ದರ ಜಾಗದಲ್ಲಿ ಏನಿದೆ ಅಂತ ಹೇಳುವುದು ವಾಸಿ: "ಚಿತ್ರದ ಮೇಲಿನ ಅಂಚಿನವರೆಗೂ ಮನೆಗಳ ಛಾವಣಿಗಳೇ." ಡ್ರೋನ್ ಅನ್ನುವ ಪದವನ್ನೂ ನಾನು ಕೈಬಿಟ್ಟೆ. ಕ್ಯಾಮೆರಾ ಎಷ್ಟು ಬಾಗಿದೆ ಅಂತ ಹೇಳಿದ ಮೇಲೆ ಅದನ್ನು ಯಾರು ಹೊತ್ತಿದ್ದರೇನು?

ಈಗ ಮಾಳಿಗೆಗಳು. ಈ ಚಿತ್ರದಲ್ಲಿ ಜಾಸ್ತಿ ಜಾಗ ತಿನ್ನುವುದು ಅವೇ. ಊರಿನ ಗುರುತು ಇರುವುದೂ ಅಲ್ಲೇ. ನಮ್ಮ ಓಣಿಯನ್ನು ಮೇಲಿಂದ ನೋಡಿದರೆ ಮೂರು ನಾಲ್ಕು ಥರದ ಛಾವಣಿ ಕಾಣುತ್ತವೆ. ಹೊಸ ಮನೆಗಳದ್ದು ಸಮತಟ್ಟಾದ ಸ್ಲ್ಯಾಬು, ಸುತ್ತ ಮೂರಡಿ ಪ್ಯಾರಪೆಟ್ ಗೋಡೆ, ಮೂಲೆಯಲ್ಲಿ ಮೆಟ್ಟಿಲ ಕೋಣೆ, ಅದರ ಮೇಲೆ ಕಪ್ಪು ನೀರಿನ ಟ್ಯಾಂಕು. ಮುಂದೆ ಇನ್ನೊಂದು ಅಂತಸ್ತು ಏರಿಸೋಣ ಅಂತ ಬಿಟ್ಟ ಕಂಬಿಗಳು ಕೆಲವು ಮನೆಗಳ ಮೇಲೆ ಮೊಳಕೆಯ ಹಾಗೆ ಎದ್ದು ನಿಂತಿರುತ್ತವೆ. ಹಳೇ ಮನೆಗಳದ್ದು ಮಣ್ಣಿನ ಮಾಳಿಗೆ, ಮಂಕು ಕಂದು ಬಣ್ಣ, ಅಂಚು ಸ್ವಲ್ಪ ಸೊಟ್ಟ. ಆಮೇಲೆ ತಗಡು ಹೊದಿಸಿದ ಪತ್ರಾ ಮನೆಗಳು. ಅಂಗಳದಲ್ಲಿ ಶಹಾಬಾದ ಫರಸಿ ಕಲ್ಲು, ಬೂದು ನೀಲಿ ಬಣ್ಣದ್ದು.

ಇವನ್ನೆಲ್ಲ ನಾನು ನಮ್ಮ ಮಾತಿನಲ್ಲೇ ಬರೆದೆ. "ಪತ್ರಾ ಮನೆ" ಅಂದದ್ದಕ್ಕೆ ಎಲೆ ಹೊದಿಸಿದ ಗುಡಿಸಲು ಬಂತು! ಪತ್ರ ಅಂದರೆ ಎಲೆ ಅಲ್ವಾ, ಅದರ ತಪ್ಪೂ ಅಲ್ಲ. "ಮಾಳಿಗೆ" ಅಂದದ್ದಕ್ಕೆ ಮೇಲೊಂದು ಅಂತಸ್ತು ಎದ್ದಿತು. ಇತ್ತೀಚಿನ ಟೂಲ್‌ಗಳು ಕನ್ನಡವನ್ನು ಒಂದು ಮಟ್ಟಕ್ಕೆ ತಿಳಿಯುತ್ತವೆ, ಆದರೆ ಓಣಿಯ ಮಾತು ಅವಕ್ಕೆ ಹೊಸದು. ಹೆಸರು ಹೇಳುವ ಬದಲು ಕಣ್ಣಿಗೆ ಕಾಣುವುದನ್ನು ಹೇಳಿದರೆ ಕೆಲಸ ಆಗುತ್ತದೆ. ಪತ್ರಾ ಬದಲು "ಅಲೆ ಅಲೆಯಾದ ಕಬ್ಬಿಣದ ತಗಡು, ಅಲ್ಲಲ್ಲಿ ತುಕ್ಕು." ಫರಸಿ ಬದಲು "ಬೂದು ಬಣ್ಣದ ನುಣುಪಾದ ಚಪ್ಪಡಿ ಕಲ್ಲು." ಹಳೆಯ ಟೂಲ್‌ಗಳಾದರೆ ಇಂಗ್ಲಿಷಿನಲ್ಲೇ ಬರೆಯಬೇಕು, `flat concrete roofs with parapet walls` ಅನ್ನುವ ಹಾಗೆ. ಅವುಗಳ ಪೈಕಿ ಕೆಲವು ಉದ್ದ ಪ್ರಾಂಪ್ಟಿನ ಕೊನೆಯ ಸಾಲುಗಳನ್ನು ಓದುವುದೇ ಇಲ್ಲ. ಹಾಗಾಗಿ ಕ್ಯಾಮೆರಾ ಮತ್ತು ಛಾವಣಿ ಮೊದಲು, ಬೈಕು, ಒಣಹಾಕಿದ ಬಟ್ಟೆ ಎಲ್ಲ ಕೊನೆಗೆ.

ಊರ ಹೆಸರು ಹಾಕಬೇಕೋ ಬೇಡವೋ? ನಾನು "ಕಲಬುರಗಿ" ಎಂದು ಸೇರಿಸಿ ನೋಡಿದೆ. ಛಾವಣಿಗಳ ನಡುವೆ ದೊಡ್ಡದೊಂದು ಗುಮ್ಮಟ ಎದ್ದಿತು. ಹೆಸರಿನ ಜೊತೆ ಅದು ಕಲಿತಿರುವುದು ದರ್ಗಾ, ಕೋಟೆಗಳ ಫೋಟೊಗಳನ್ನು, ಕಾಕಾನ ಓಣಿಯನ್ನಲ್ಲ. ಬೀದರ್ ಅಂದರೂ ಇದೇ ಕಥೆ ಆಗಬಹುದು ಅಂತ ನನ್ನ ಅಂದಾಜು. "ಉತ್ತರ ಕರ್ನಾಟಕದ ಒಣ ಊರು, ಹಳೇ ಬಡಾವಣೆ" ಎಂದರೆ ಸಾಕು.

ಓಣಿಗೂ ಇದೇ ನಿಯಮ. ರಸ್ತೆ ಅಂದರೆ ಡಾಂಬರು ಮತ್ತು ಬಿಳಿ ಗೆರೆ. ನಮ್ಮದು ಸುಮಾರು 10 ಅಡಿಯ ಸಿಸಿ ರಸ್ತೆ, ಒಂದು ಬದಿಗೆ ತೆರೆದ ಚರಂಡಿ. "ಒಂದು ಕಾರು ಹೋದರೆ ಪಕ್ಕದಲ್ಲಿ ಒಂದು ಬೈಕಿಗೆ ಮಾತ್ರ ಜಾಗ ಇರುವ ಕಾಂಕ್ರೀಟ್ ಓಣಿ" ಎಂದರೆ ಅಗಲವೂ ಬಂತು, ಬಣ್ಣವೂ ಬಂತು. ಎಡಗಡೆಯ ಗಲ್ಲಿ ಆರೇ ಅಡಿ, ಅಲ್ಲಿ ಕಾರು ಹೋಗುವುದಿಲ್ಲ ಅಂತಲೂ ಹೇಳಬೇಕು.

ಖಾಲಿ ಪ್ಲಾಟು ತೋರಿಸುವುದೂ ಸುಲಭ ಅಲ್ಲ. ಖಾಲಿ ಅಂದರೆ ಟೂಲಿಗೆ ಬೇಸರವೇನೋ, ಸುಮ್ನೆ ಒಂದು ಮನೆಯನ್ನೋ ಉದ್ಯಾನವನ್ನೋ ಕಟ್ಟಿಬಿಡುತ್ತದೆ. ಪಾಯ ಗುರುತು ಹಾಕುವಾಗ ನಾವು ಮಾಡುವ ಕೆಲಸವೇ ಇಲ್ಲಿ ನೆರವಿಗೆ ಬಂತು. ನಾಲ್ಕು ಮೂಲೆಗೆ ಕಲ್ಲು, ಸುತ್ತ ಸುಣ್ಣದ ಪುಡಿಯ ಗೆರೆ. ಕರಿ ಮಣ್ಣಿನ ಮೇಲೆ ಬಿಳಿ ಗೆರೆಯ ಆಯತ ಅಂದ ಕೂಡಲೇ ಅದು ಎಲ್ಲೂ ತಪ್ಪದೆ ಅಂಚು ಎಳೆಯಿತು.

ಬೆಳಕು ಕೊನೆಗೆ, ಆದರೆ ಅದನ್ನು ಬಿಡುವ ಹಾಗಿಲ್ಲ. ಬೇಸಿಗೆ ಮಧ್ಯಾಹ್ನ ಬೇಡವೇ ಬೇಡ. ಕಲಬುರಗಿ ಸುಮಾರು 17 ಡಿಗ್ರಿ ಅಕ್ಷಾಂಶದಲ್ಲಿದೆ, ಮೇ ತಿಂಗಳ ನಡು ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ನೆರಳಿಲ್ಲದೆ ಎಲ್ಲ ಚಪ್ಪಟೆ. ಜನವರಿಯ ಬೆಳಿಗ್ಗೆ ಒಂಬತ್ತು ಗಂಟೆಗೆ ಸೂರ್ಯ ಆಗ್ನೇಯದಲ್ಲಿ, ತಗ್ಗಿನಲ್ಲಿರುತ್ತಾನೆ. ಗೋಡೆಯ ಎತ್ತರಕ್ಕಿಂತ ಎರಡು ಪಟ್ಟು ಉದ್ದದ ನೆರಳು ಬೀಳುತ್ತದೆ. ನಮ್ಮ ಚೌಕಟ್ಟಿನಲ್ಲಿ ಅಂದರೆ ಬೆಳಕು ಕೆಳಗಿನ ಎಡಮೂಲೆಯಿಂದ, ನೆರಳು ಮೇಲಿನ ಬಲಮೂಲೆಯ ಕಡೆಗೆ. ಓಣಿಗೆ ಮುಖ ಮಾಡಿದ ಗೋಡೆಗಳ ಮೇಲೆ ಬಿಸಿಲು ಬೀಳುವುದರಿಂದ ಮನೆಗಳ ಮುಖವೂ ಚೆನ್ನಾಗಿ ಕಾಣುತ್ತದೆ.

ಇಷ್ಟು ಸರಿ ಮಾಡಿಕೊಂಡ ಮೇಲೆ ಬರೆದ ಪ್ರಾಂಪ್ಟ್ ಹೀಗಿತ್ತು:

```
45 ಡಿಗ್ರಿ ಕೆಳಗೆ ಬಾಗಿದ ಕ್ಯಾಮೆರಾದಿಂದ ತೆಗೆದ ನೈಜ ಫೋಟೊ, oblique aerial view.
ಚಿತ್ರದ ಮೇಲಿನ ಅಂಚಿನವರೆಗೂ ಮನೆಗಳ ಛಾವಣಿಗಳೇ. ಉತ್ತರ ಕರ್ನಾಟಕದ ಒಣ ಊರು.
ಛಾವಣಿಗಳು ಸಮತಟ್ಟು: ಕಾಂಕ್ರೀಟು, ತಗ್ಗು ಗೋಡೆ, ಕಪ್ಪು ನೀರಿನ ಟ್ಯಾಂಕು.
ನಡುವೆ ಖಾಲಿ ಜಾಗ, ಕರಿ ಮಣ್ಣು, ಸುತ್ತ ಬಿಳಿ ಸುಣ್ಣದ ಗೆರೆಯ ಆಯತ;
ಅಗಲ ಚಿತ್ರದ ಐದನೇ ಒಂದು ಭಾಗ, ಹಿಂದಕ್ಕೆ ಮೂರು ಸಣ್ಣ ಕಾರಿನಷ್ಟು ಉದ್ದ.
ಕೆಳಗೆ ಅಡ್ಡಕ್ಕೆ ಕಾಂಕ್ರೀಟ್ ಓಣಿ, ಒಂದು ಕಾರು, ಬದಿಗೆ ತೆರೆದ ಚರಂಡಿ.
ಬಲಕ್ಕೆ ಎರಡಂತಸ್ತಿನ ಮನೆ. ಎಡಕ್ಕೆ ಕಾರು ಹೋಗದಷ್ಟು ಕಿರಿದಾದ ಗಲ್ಲಿ,
ಅದರಾಚೆ ತುಕ್ಕು ಹಿಡಿದ ತಗಡಿನ ಮನೆ, ಒಂದು ಬೇವಿನ ಮರ.
ಹಿಂದೆ ಮಣ್ಣಿನ ಛಾವಣಿಯ ಹಳೇ ಒಂದಂತಸ್ತಿನ ಮನೆ.
ಬೆಳಗಿನ ಬಿಸಿಲು ಕೆಳಗಿನ ಎಡದಿಂದ, ನೆರಳು ಮೇಲಿನ ಬಲಕ್ಕೆ.
```

ಮೂರನೇ ಸಲಕ್ಕೆ ಕಾಕಾ "ಹಾಂ, ಈಗ ಬಂತು ನೋಡ್ರಿ" ಅಂದರು. ಅವರಿಗೆ ಹೌದು. ನನಗೆ ಇನ್ನೂ ಪರೀಕ್ಷೆ ಇತ್ತು.

ಇಂಥ ಚಿತ್ರದಲ್ಲಿ ತಪ್ಪು ಹುಡುಕಲು ನಾನು ಮೊದಲು ಓಣಿಯ ಮೇಲೆ ಬೆರಳಿಟ್ಟು ನಡೆಯುತ್ತೇನೆ. ಒಂದು ತುದಿಯಿಂದ ಹೊರಟ ಗಲ್ಲಿ ಎಲ್ಲಿಗಾದರೂ ಮುಟ್ಟಬೇಕು. ಈ ಚಿತ್ರದಲ್ಲಿ ಎಡಗಡೆಯ ಗಲ್ಲಿ ಹಿಂದಿನ ಮನೆಯ ಛಾವಣಿಯೊಳಗೆ ಕರಗಿ ಹೋಗಿತ್ತು. ಟೂಲ್ ಚಿತ್ರ ಬಿಡಿಸುತ್ತದೆ, ಅಲ್ಲಿ ಓಡಾಡುವುದಿಲ್ಲ. ಆಮೇಲೆ ನೆರಳು ನೋಡುತ್ತೇನೆ. ಟ್ಯಾಂಕಿನ ನೆರಳು ಒಂದು ಕಡೆ, ಬೇವಿನ ಮರದ್ದು ಇನ್ನೊಂದು ಕಡೆ ಬಿದ್ದಿದ್ದರೆ ಅಲ್ಲಿ ಎತ್ತರ ಗಾತ್ರ ಯಾವುದನ್ನೂ ನಂಬುವ ಹಾಗಿಲ್ಲ. ಕೊನೆಗೆ ಕಾರನ್ನು ಓಣಿಯ ಅಗಲಕ್ಕೆ ಹೋಲಿಸುತ್ತೇನೆ. ಕಾರಿನ ಪಕ್ಕದಲ್ಲಿ ಇನ್ನೊಂದು ಕಾರು ಆರಾಮಾಗಿ ಹಾಯುವಂತಿದ್ದರೆ ಓಣಿ ಹಿಗ್ಗಿದೆ ಎಂದರ್ಥ.

ತಪ್ಪು ಸಿಕ್ಕಿತು ಅಂತ ಪ್ರಾಂಪ್ಟಿನ ಒಂದು ಮಾತು ಬದಲಿಸಿ ಮತ್ತೆ ಒತ್ತಿದರೆ ಏನಾಗುತ್ತದೆ? ಸಾಮಾನ್ಯವಾಗಿ ಓಣಿಗೆ ಓಣಿಯೇ ಬದಲಾಗುತ್ತದೆ. ಬಹಳಷ್ಟು ಟೂಲ್‌ಗಳು ಪ್ರತಿ ಸಲ ಹಳೇ ಟಿವಿಯ ಚುಕ್ಕೆಗಳಂಥ ಗೊತ್ತುಗುರಿ ಇಲ್ಲದ ಗದ್ದಲದಿಂದ ಚಿತ್ರ ಶುರು ಮಾಡುತ್ತವೆ, ಹೆಜ್ಜೆ ಹೆಜ್ಜೆಯಾಗಿ ಅದನ್ನು ತಿಳಿ ಮಾಡುತ್ತಾ ಬರುತ್ತವೆ. ಗದ್ದಲ ಬೇರೆಯಾದರೆ ಊರೂ ಬೇರೆ. ಕೆಲವು ಟೂಲ್‌ಗಳಲ್ಲಿ `seed` ಅನ್ನುವ ಸಂಖ್ಯೆ ಇರುತ್ತದೆ, ಅದನ್ನು ಹಾಗೇ ಇಟ್ಟರೆ ಅದೇ ಗದ್ದಲದಿಂದ ಹೊರಡುತ್ತದೆ, ಜೋಡಣೆ ಬಹುಮಟ್ಟಿಗೆ ಉಳಿಯುತ್ತದೆ. ಆದರೆ ಒಂದು ಗಲ್ಲಿಯನ್ನಷ್ಟೇ ಸರಿಪಡಿಸಲು ಆ ಭಾಗಕ್ಕೆ ಮಾತ್ರ ಗುರುತು ಹಾಕಿ ತಿದ್ದಿಸುವುದೇ ಸರಿ. ನಾನು ಗಲ್ಲಿಯ ಮೇಲೆ ಬೆರಳಿನಿಂದ ಉಜ್ಜಿ, "ಕಿರಿದಾದ ಗಲ್ಲಿ ಚಿತ್ರದ ಮೇಲಿನ ಅಂಚಿನವರೆಗೆ ನೇರ ಹೋಗುತ್ತದೆ" ಎಂದು ಬರೆದೆ. ಎರಡನೇ ಪ್ರಯತ್ನಕ್ಕೆ ಆಯಿತು.

ಇಷ್ಟಾದರೂ ಬಂದದ್ದು ಕಾಕಾನ ಓಣಿಯ ಹಾಗೆ ಇರುವ ಓಣಿ, ಕಾಕಾನ ಓಣಿ ಅಲ್ಲ. ಪುಣೆಯಿಂದ ಮಗ ಫೋನಿನಲ್ಲಿ ಕೇಳಿದ, "ಅಣ್ಣಾ, ಬಲಗಡೆ ಮನೆಯವರ ಕಿಟಕಿ ನಮ್ಮ ಕಡೆ ಎಷ್ಟು ಅವ? ಚಿತ್ರದಾಗ ಮೂರು ಕಾಣ್ತಾವ." ನಿಜವಾಗಿ ಇರುವುದು ಒಂದೇ, ಅದೂ ಬಚ್ಚಲದ್ದು. ಪ್ರಾಂಪ್ಟಿನಲ್ಲಿ ನಾನು ಕಿಟಕಿಯ ಮಾತೇ ಎತ್ತಿರಲಿಲ್ಲ, ಮೂರೂ ಟೂಲ್ ಹುಟ್ಟಿಸಿದ್ದು. ಅಡುಗೆಮನೆ ಎಲ್ಲಿ ಬರಬೇಕು ಅಂತ ಅವನು ಆ ಕಿಟಕಿಗಳನ್ನು ನೋಡಿ ಯೋಚಿಸುತ್ತಿದ್ದ. ಅವತ್ತಿನಿಂದ ಇಂಥ ಚಿತ್ರದ ಕೆಳಗೆ "ಇದು ಫೋಟೊ ಅಲ್ಲ, ಅಳತೆಗೆ ಬಳಸಬೇಡಿ" ಎಂದು ದಪ್ಪಕ್ಷರದಲ್ಲಿ ಬರೆಯುತ್ತೇನೆ. ಪ್ಲಾಟು ಮಾರುವವರು ಇಂಥದ್ದನ್ನು ಡ್ರೋನ್ ಫೋಟೊ ಅಂತ ತೋರಿಸಿದರೆ ಅದು ನೇರ ಮೋಸ.

ನಿಜಕ್ಕೆ ಇನ್ನೂ ಹತ್ತಿರ ಬೇಕಾದರೆ ಮಾತಿನ ಜೊತೆ ಒಂದು ಗೆರೆ ಚಿತ್ರವನ್ನೂ ಕೊಡಬೇಕು. ನಾನು ಪ್ಲಾಟಿಗೆ ಹೋಗಿ ಟೇಪು ಹಿಡಿದು ಅಳೆದೆ, ಎದುರು ಮನೆಯ ಮಾಳಿಗೆ ಹತ್ತಿ ನೋಡಿ ಕಾಗದದ ಮೇಲೆ ಅದೇ ಓರೆ ನೋಟ ಎಳೆದೆ. ಮನೆಗಳು ಬರೀ ಡಬ್ಬಿಗಳು, ಗಲ್ಲಿ ಎರಡು ಗೆರೆ, ಮರ ಒಂದು ಸುತ್ತು. ಕಿಟಕಿ ಒಂದೇ. ಅದರ ಫೋಟೊ ಏರಿಸಿ, "ಈ ಗೆರೆಗಳ ಜೋಡಣೆ ಬದಲಿಸದೆ" ಎಂದು ಪ್ರಾಂಪ್ಟಿನ ಮೊದಲ ಸಾಲಿಗೆ ಸೇರಿಸಿದೆ. ಬಲ ಎಡದ ಸಾಲುಗಳನ್ನು ತೆಗೆದುಹಾಕಿದೆ, ಆ ಕೆಲಸವನ್ನು ಈಗ ಗೆರೆಗಳೇ ಮಾಡುತ್ತವೆ. ಉಳಿದದ್ದು ಛಾವಣಿ, ಮಣ್ಣು, ಬೆಳಕು ಅಷ್ಟೇ. ಪ್ರಾಂಪ್ಟ್ ಅರ್ಧಕ್ಕೆ ಇಳಿಯಿತು, ಚಿತ್ರ ಮೊದಲ ಸಲವೇ ಜಾಗಕ್ಕೆ ಬಂತು.

ಕಾಕಾ ಅದನ್ನೂ ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಎಲ್ಲಾ ಬರೋಬ್ಬರಿ ಅದ. ಆದ್ರ ಬೇವಿನ ಗಿಡ ಇನ್ನೊಂದಿಷ್ಟು ಈಕಡೆ ಅದರಿ, ಅದರ ಟೊಂಗಿ ನಮ್ಮ ಜಾಗದಾಗ ಬರ್ತದ." ಸುತ್ತನ್ನು ಅಳಿಸಿ ಒಂದು ಬೆರಳು ಬಲಕ್ಕೆ ಎಳೆದೆ.